ಹನ್ನೊಂದೂವರೆ ಗುಲಾಬಿ

ಫೋಟೊದಲ್ಲಿರುವುದು ಒಂದು ಕೆಜಿಯ ದುಂಡನೆಯ ವೆನಿಲಾ ಕೇಕ್. ಎಂಟಿಂಚಿನ ಟಿನ್ನಿನಲ್ಲಿ ಬೆಂದದ್ದು. ಮೈಯೆಲ್ಲ ತಿಳಿನೀಲಿ ಕ್ರೀಮು. ಮೇಲೆ ಅಂಚಿನುದ್ದಕ್ಕೂ ಗುಲಾಬಿ ಬಣ್ಣದ ರೋಸೆಟ್‌ಗಳು, ಅವುಗಳ ಸಂದಿಯಲ್ಲಿ ಹಸಿರು ಎಲೆ. ನಡುವೆ ಕೆಂಪಕ್ಷರದಲ್ಲಿ ‘ಹುಟ್ಟುಹಬ್ಬದ ಶುಭಾಶಯಗಳು’, ಅದರ ಕೆಳಗೆ ಮಗುವಿನ ಎರಡಕ್ಷರದ ಹೆಸರು. ಬುಡದ ಸುತ್ತ ಬಿಳಿ ಶೆಲ್ ಅಂಚು, ಅಲ್ಲಲ್ಲಿ ಉದುರಿಸಿದ ಹಳದಿ ಸಕ್ಕರೆ ಮುತ್ತು. ಕಳಿಸಿದವಳು ತುಮಕೂರಿನಲ್ಲಿರುವ ನನ್ನ ನಾದಿನಿ. ಮಗಳ ಆರನೇ ಹುಟ್ಟುಹಬ್ಬಕ್ಕೆ ಬೇಕರಿಗೆ ಹೇಳದೆ ತಾನೇ ಮಾಡಿದ್ದಾಳೆ. ಫೋಟೊದ ಕೆಳಗೆ ಒಂದು ಸಾಲು: ‘ಅತ್ತಿಗೆ, ಚೆನ್ನಾಗಿದೆ ಅಂತ ಹೇಳಿ ತಪ್ಪಿಸಿಕೊಳ್ಳಬೇಡಿ. ಎಲ್ಲಿ ಕೆಟ್ಟಿದೆ ಹೇಳಿ.’

ನಾನು ಕೇಳಿದ ಮೊದಲ ಪ್ರಶ್ನೆ, ‘ಕತ್ತರಿಸಿ ಆಯ್ತಾ?’ ಇಲ್ಲವಂತೆ, ಸಂಜೆ ಆರಕ್ಕೆ. ಆಗಿನ್ನೂ ನಾಲ್ಕು ಗಂಟೆ. ಕೇಕ್ ಬಗ್ಗೆ ಅಭಿಪ್ರಾಯ ಕೇಳಿದವರಿಗೆ ಈ ಪ್ರಶ್ನೆ ಹಾಕದೆ ಬಾಯಿ ತೆರೆಯಬಾರದು ಎಂಬುದು ನನ್ನ ನಿಯಮ. ಎರಡು ಗಂಟೆ ಕೈಯಲ್ಲಿದ್ದರೆ ಸರಿಪಡಿಸಲು ಆಗುವುದನ್ನು ಮೊದಲು ಹೇಳಬೇಕು. ಒಳಗಿನ ಸ್ಪಂಜು ಸಮನಾಗಿಲ್ಲ ಎಂದು ಆ ಹೊತ್ತಿನಲ್ಲಿ ಹೇಳಿದರೆ ಅವಳು ಸೀರೆ ಉಡುವುದನ್ನು ಬಿಟ್ಟು ಅಳುತ್ತಾ ಕೂರುತ್ತಾಳೆ, ಕೇಕೇನೂ ನೆಟ್ಟಗಾಗುವುದಿಲ್ಲ.

ಮೈಸೂರಿನ ನನ್ನ ಅಡುಗೆಮನೆಯಲ್ಲಿ ಕೇಕ್ ಕಲಿತು ಹೋದವರು ಇಂಥ ಫೋಟೊಗಳನ್ನು ಆಗಾಗ ಕಳಿಸುತ್ತಿರುತ್ತಾರೆ. ಫೋಟೊ ನೋಡಿ ರುಚಿ ಹೇಳಲಾಗದು, ಸ್ಪಂಜು ಒಣಗಿದೆಯೋ ಹಸಿಯಿದೆಯೋ ತಿಳಿಯದು. ಆದರೆ ಅಲಂಕಾರದ ಮಟ್ಟಿಗೆ ಫೋಟೊ ಬಹಳಷ್ಟನ್ನು ಬಾಯಿಬಿಡುತ್ತದೆ. ಕಾಣುವ ಊನ ಯಾವುದೇ ಇರಲಿ, ಅದರ ಮೂಲ ಮೂರರಲ್ಲಿ ಒಂದು: ಕ್ಯಾಮೆರಾ, ಕ್ರೀಮು ಅಥವಾ ಕೈ. ಮನೆಯಲ್ಲಿ ಕೇಕ್ ಮಾಡುವವರು ಎಲ್ಲವನ್ನೂ ‘ನನ್ನ ಕೈಯೇ ಸರಿಯಿಲ್ಲ’ ಎಂದು ಕೈಯ ತಲೆಗೆ ಕಟ್ಟುತ್ತಾರೆ. ನಾನು ನೋಡಿದ ಮಟ್ಟಿಗೆ ಹೆಚ್ಚಿನ ಸಲ ತಪ್ಪಿತಸ್ಥ ಕ್ರೀಮು, ಅದರಲ್ಲೂ ಅದರ ತಂಪು. ನಾದಿನಿಯ ಕೇಕಿನಲ್ಲೂ ಹಾಗೇ ಆಗಿತ್ತು. ಅದು ಹೇಗೆ ಗೊತ್ತಾಯಿತು ಎಂಬುದನ್ನು ಬಿಡಿಸಿ ಹೇಳುತ್ತೇನೆ.

ಮೊದಲು ಕ್ಯಾಮೆರಾದ ಲೆಕ್ಕ ಚುಕ್ತಾ ಮಾಡಬೇಕು. ಆ ಫೋಟೊದಲ್ಲಿ ಕೇಕು ಎಡಕ್ಕೆ ವಾಲಿದಂತೆ ಕಾಣುತ್ತಿತ್ತು. ಹಿಂದೆ ಅಡುಗೆಮನೆಯ ಟೈಲ್ಸ್ ಇತ್ತು. ಅವುಗಳ ಸಂದುಗೆರೆಯೂ ಅಷ್ಟೇ ಎಡಕ್ಕೆ ವಾಲಿತ್ತು. ಅಂದರೆ ವಾಲಿದ್ದು ಫೋನು. ಗೋಡೆಯ ಗೆರೆ ನೆಟ್ಟಗಿದ್ದು ಕೇಕ್ ಮಾತ್ರ ವಾಲಿದ್ದರೆ ಆಗ ಸ್ಪಂಜಿನ ಉಬ್ಬಿದ ತಲೆಯನ್ನು ಕತ್ತರಿಸದೆ ಒಂದರ ಮೇಲೊಂದು ಇಟ್ಟಿದ್ದಾಳೆ ಎಂದು ಹೇಳಬಹುದಿತ್ತು. ಇನ್ನೊಂದು, ಮುಂದಿನ ರೋಸೆಟ್‌ಗಳು ದಪ್ಪ, ಹಿಂದಿನವು ಪುಟ್ಟ. ಇದೂ ಕೈಯ ದೋಷ ಆಗಬೇಕಿಲ್ಲ. ಫೋನನ್ನು ಕೇಕಿಗೆ ಒಂದಡಿ ಹತ್ತಿರ ಹಿಡಿದರೆ ಹತ್ತಿರದ್ದೆಲ್ಲ ಊದಿಕೊಂಡು ದೂರದ್ದು ಕುಗ್ಗಿ ಕಾಣುತ್ತದೆ.

ಅದಕ್ಕೇ ಇನ್ನೂ ಮೂರು ಫೋಟೊ ಕೇಳಿದೆ. ಒಂದು, ಎರಡು ಹೆಜ್ಜೆ ಹಿಂದೆ ನಿಂತು ಎರಡು ಪಟ್ಟು ಝೂಮ್ ಮಾಡಿ, ಫೋನಿನ ಕಣ್ಣು ಕೇಕಿನ ಅರ್ಧ ಎತ್ತರಕ್ಕೆ ಬರುವಂತೆ ತೆಗೆದದ್ದು. ಇನ್ನೊಂದು, ನೆತ್ತಿಯ ಮೇಲಿಂದ ನೇರವಾಗಿ. ಮೂರನೆಯದು, ಫ್ಲ್ಯಾಶ್ ಇಲ್ಲದೆ, ಕಿಟಕಿಯ ಬೆಳಕು ಪಕ್ಕದಿಂದ ಬೀಳುವಂತೆ. ಎದುರಿನಿಂದ ಹೊಡೆಯುವ ಫ್ಲ್ಯಾಶ್ ಉಬ್ಬುತಗ್ಗುಗಳನ್ನೆಲ್ಲ ಮುಚ್ಚಿಹಾಕುತ್ತದೆ. ಪಕ್ಕದ ಬೆಳಕಿನಲ್ಲಿ ಒಂದು ಸಣ್ಣ ಗೀರಿಗೂ ನೆರಳು ಬೀಳುತ್ತದೆ. ಇಬ್ಬರ ಕೇಕುಗಳನ್ನು ಹೋಲಿಸುವವರು ಇದನ್ನು ನೆನಪಿಡಬೇಕು: ಒಬ್ಬಳು ಫ್ಲ್ಯಾಶ್ ಹಾಕಿ, ಇನ್ನೊಬ್ಬಳು ಕಿಟಕಿಯ ಪಕ್ಕ ಇಟ್ಟು ತೆಗೆದಿದ್ದರೆ ಎರಡನೆಯವಳ ಕೇಕಿನಲ್ಲೇ ತಪ್ಪು ಹೆಚ್ಚು ಕಾಣುವುದು. ಇನ್ನು ವಾಟ್ಸ್ಆ್ಯಪ್‌ನಲ್ಲಿ ಫೋಟೊವನ್ನು ಫೋಟೊ ಆಗಿಯೇ ಕಳಿಸಿದರೆ ಅದು ಕುಗ್ಗಿ ಸಣ್ಣ ವಿವರಗಳು ಅಳಿಸಿಹೋಗುತ್ತವೆ. ಡಾಕ್ಯುಮೆಂಟ್ ಮಾಡಿ ಕಳಿಸು ಎಂದೆ.

ಪಕ್ಕದ ಬೆಳಕಿನ ಫೋಟೊದಲ್ಲಿ ಕೇಕಿನ ಮೈ ಚೆನ್ನಾಗಿ ಕಂಡಿತು. ಅರ್ಧ ಎತ್ತರದಲ್ಲಿ ಸುತ್ತಲೂ ಒಂದು ಸಣ್ಣ ಉಬ್ಬು. ನಮ್ಮ ಕ್ಲಾಸಿನ ಮಾತಿನಲ್ಲಿ ಹೇಳುವುದಾದರೆ ಕೇಕಿಗೆ ಹೊಟ್ಟೆ ಬಂದಿದೆ. ಎರಡು ಪದರ ಸ್ಪಂಜಿನ ನಡುವೆ ಕ್ರೀಮನ್ನು ಅಂಚಿನವರೆಗೂ ಹರಡಿ ತಕ್ಷಣ ಮೇಲಿನ ಪದರ ಇಟ್ಟರೆ, ಅದರ ಭಾರಕ್ಕೆ ಒಳಗಿನ ಕ್ರೀಮು ಹೊರಗೆ ಇಣುಕುತ್ತದೆ. ಹೊರಗಿನಿಂದ ಎಷ್ಟು ನಯವಾಗಿ ಬಳಿದರೂ ಅರ್ಧ ಗಂಟೆಯಲ್ಲಿ ಆ ಹೊಟ್ಟೆ ಮತ್ತೆ ಎದ್ದು ಬರುತ್ತದೆ. ಕೆಳಗಿನ ಪದರದ ಅಂಚಿಗೆ ಗಟ್ಟಿ ಕ್ರೀಮಿನಿಂದ ಒಂದು ಸುತ್ತು ಕಟ್ಟೆ ಹಿಂಡಿ, ಅದರೊಳಗೆ ಉಳಿದ ಕ್ರೀಮು ಹರಡಿ, ಮೇಲಿನ ಪದರ ಇಟ್ಟ ಮೇಲೆ ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟರೆ ಈ ತೊಂದರೆ ಇರುವುದಿಲ್ಲ. ಅದೇ ಹೊತ್ತಿನಲ್ಲಿ ಮೈಗೆಲ್ಲ ತೆಳುವಾಗಿ ಒಂದು ಮೊದಲ ಕೋಟ್ ಬಳಿದುಬಿಡಬೇಕು. ಸ್ಪಂಜಿನ ಪುಡಿಯೆಲ್ಲ ಅದರಲ್ಲಿ ಸಿಕ್ಕಿಕೊಂಡು ತಣ್ಣಗೆ ಗಟ್ಟಿಯಾಗುತ್ತದೆ, ಎರಡನೆಯ ಕೋಟಿಗೆ ಬರುವುದಿಲ್ಲ. ನಾದಿನಿ ಇದನ್ನು ಬಿಟ್ಟಿದ್ದಾಳೆ ಎಂಬುದಕ್ಕೆ ತಿಳಿನೀಲಿಯಲ್ಲಿ ಅಂಟಿದ್ದ ಮೂರು ನಾಲ್ಕು ಕಂದು ಚುಕ್ಕೆಗಳೇ ಸಾಕ್ಷಿ.

ಬಲಗಡೆ ಮೇಲಿಂದ ಕೆಳಗೆ ಒಂದು ಗೆರೆಯೂ ಇತ್ತು. ಟರ್ನ್‌ಟೇಬಲ್ ತಿರುಗಿಸುತ್ತಾ ಸ್ಕ್ರೇಪರ್ ಹಿಡಿದವಳು ಕೊನೆಗೆ ಅದನ್ನು ಎತ್ತಿದ ಜಾಗ ಅದು. ಈ ಗೆರೆ ಯಾರ ಕೇಕಿನಲ್ಲೂ ಎಲ್ಲೋ ಒಂದು ಕಡೆ ಇರುವುದೇ. ಪಳಗಿದವರು ಶುರು ಮಾಡುವ ಮೊದಲೇ ಬೋರ್ಡಿನ ಒಂದು ಕಡೆಗೆ ‘ಹಿಂದೆ’ ಎಂದು ಗುರುತು ಹಾಕಿಕೊಂಡು, ಇಂಥ ಗೆರೆ, ಸಂದು, ಕೊನೆಯ ಬಾಲಗಳನ್ನೆಲ್ಲ ಆ ಕಡೆಗೇ ತಳ್ಳುತ್ತಾರೆ. ಮೇಲಿನ ಅಂಚು ಚೂಪಾಗಿ ನಿಲ್ಲದೆ ದುಂಡಗಾಗಿತ್ತು. ಪ್ಯಾಲೆಟ್ ನೈಫನ್ನು ಒಳಗಿನಿಂದ ಹೊರಕ್ಕೆ ಎಳೆದರೆ ಹೀಗಾಗುತ್ತದೆ. ಪಕ್ಕ ನಯ ಮಾಡುವಾಗ ಅಂಚಿನ ಮೇಲೆ ಎದ್ದು ನಿಲ್ಲುವ ಕ್ರೀಮನ್ನು ಹೊರಗಿನಿಂದ ನಡುವಿನ ಕಡೆಗೆ ಎಳೆಯಬೇಕು, ಪ್ರತಿ ಎಳೆತಕ್ಕೂ ನೈಫ್ ಒರೆಸಿಕೊಳ್ಳಬೇಕು. ಹೇಗಿದ್ದರೂ ಆ ಅಂಚಿನ ಮೇಲೆ ರೋಸೆಟ್ ಬಂದು ಕೂತಿದ್ದರಿಂದ ಇದು ಯಾರ ಕಣ್ಣಿಗೂ ಬೀಳುವಂಥದ್ದಲ್ಲ. ನಾನು ಅವಳಿಗೆ ಇದನ್ನು ಹೇಳಲೂ ಇಲ್ಲ.

ಈಗ ರೋಸೆಟ್‌ಗೆ ಬರೋಣ. ನೆತ್ತಿಯ ಮೇಲಿಂದ ತೆಗೆದ ಫೋಟೊದಲ್ಲಿ ಎಣಿಸಿದರೆ ಹನ್ನೊಂದು ಪೂರಾ ರೋಸೆಟ್, ಹನ್ನೆರಡನೆಯದು ಪಕ್ಕದವೆರಡರ ನಡುವೆ ಸಿಕ್ಕಿ ನಜ್ಜುಗುಜ್ಜಾಗಿದೆ. ಇದು ಲೆಕ್ಕದ ತಪ್ಪು. ಎಂಟಿಂಚಿನ ಕೇಕ್ ಅಂದರೆ ಅಡ್ಡಳತೆ ಸುಮಾರು 20 ಸೆಂಟಿಮೀಟರ್. 1ಎಂ ಎಂಬ ತೆರೆದ ನಕ್ಷತ್ರದ ನಾಝಲ್‌ನಿಂದ ಒಂದು ಸುತ್ತು ಹಾಕಿದರೆ ರೋಸೆಟ್ ಸುಮಾರು ನಾಲ್ಕು ಸೆಂಟಿಮೀಟರ್ ಅಗಲ ಬರುತ್ತದೆ. ಅಂಚಿಗೆ ಒತ್ತಿ ಕೂರಿಸಿದರೆ ಅವುಗಳ ನಡುಬಿಂದುಗಳು ಕೇಕಿನ ನಡುವಿನಿಂದ ಎಂಟು ಸೆಂಟಿಮೀಟರ್ ದೂರದ ಸುತ್ತಿನಲ್ಲಿ ಇರುತ್ತವೆ. ಆ ಸುತ್ತಿನ ಉದ್ದ ಸುಮಾರು 50 ಸೆಂಟಿಮೀಟರ್. ಹನ್ನೆರಡು ರೋಸೆಟ್‌ಗೆ ಸರಿಯಾದ ಜಾಗ. ಆದರೆ ಕಣ್ಣಳತೆಯಲ್ಲಿ ಒಂದರ ಪಕ್ಕ ಒಂದು ಹಾಕುತ್ತಾ ಹೋದರೆ ಪ್ರತಿಯೊಂದೂ ಒಂದೆರಡು ಮಿಲಿಮೀಟರ್ ಹೆಚ್ಚು ಜಾಗ ನುಂಗಿ, ಕೊನೆಯದಕ್ಕೆ ಅರ್ಧ ಜಾಗವಷ್ಟೇ ಉಳಿಯುತ್ತದೆ. ಟೂತ್‌ಪಿಕ್‌ನಿಂದ ಗಡಿಯಾರದ ಹನ್ನೆರಡು, ಆರು, ಮೂರು, ಒಂಬತ್ತರ ಜಾಗದಲ್ಲಿ ಮೊದಲು ಚುಕ್ಕೆ ಇಟ್ಟು, ಅವುಗಳ ನಡುವೆ ಎರಡೆರಡು ಚುಕ್ಕೆ ಇಟ್ಟುಕೊಂಡರೆ ಹನ್ನೆರಡು ಜಾಗವೂ ಸಿಕ್ಕಿಬಿಡುತ್ತದೆ. ಪ್ರತಿ ರೋಸೆಟ್ ಚುಕ್ಕೆಯಿಂದ ಹೊರಡಬೇಕು, ಅಷ್ಟೆ.

ಇದಕ್ಕಿಂತ ನನಗೆ ಸ್ವಾರಸ್ಯ ಎನಿಸಿದ್ದು ಬೇರೆ. ಕೇಕನ್ನು ಗಡಿಯಾರ ಎಂದುಕೊಂಡರೆ, ಏಳರ ಜಾಗದಲ್ಲಿದ್ದ ರೋಸೆಟ್ಟಿನ ಏಣುಗಳು ಚೂರಿಯಲ್ಲಿ ಕೊಯ್ದಷ್ಟು ಸ್ಪಷ್ಟ. ಎಂಟು, ಒಂಬತ್ತು, ಹತ್ತು ಕೂಡ ಹಾಗೇ. ಒಂದರ ಹೊತ್ತಿಗೆ ಏಣು ಮೊಂಡಾಗುತ್ತದೆ. ನಾಲ್ಕು, ಐದರ ಹೊತ್ತಿಗೆ ಸುರುಳಿಗಳು ಒಂದರೊಳಗೊಂದು ಕರಗಿ, ರೋಸೆಟ್ ಚಪ್ಪಟೆಯಾಗಿ ಕೂತಿದೆ. ಅವಳು ಏಳರಲ್ಲಿ ಶುರು ಮಾಡಿ ಬಲಕ್ಕೆ ಸುತ್ತುತ್ತಾ ಬಂದು ಆರರಲ್ಲಿ ಮುಗಿಸಿದ್ದಾಳೆ ಎಂದು ಫೋಟೊ ನೋಡಿಯೇ ಹೇಳಬಹುದು. ಫೋನ್ ಮಾಡಿ ಕೇಳಿದೆ. ‘ಹೌದು ಅತ್ತಿಗೆ, ನಿಮಗೆ ಹೇಗೆ ಗೊತ್ತಾಯ್ತು?’ ಎಂದಳು. ‘ಚೀಲದ ತುಂಬ ಕ್ರೀಮು ತುಂಬಿಕೊಂಡಿದ್ದೆ ತಾನೆ?’ ಎಂದೆ. ಅದೂ ಹೌದು.

ಇಲ್ಲಿ ಆಗಿದ್ದು ಇಷ್ಟು. ನಮ್ಮ ಕಡೆ ಮನೆಗಳಲ್ಲೂ ಬೇಕರಿಗಳಲ್ಲೂ ಹೆಚ್ಚಾಗಿ ಬಳಸುವುದು ಹಾಲಿನ ಕೊಬ್ಬಲ್ಲದ, ಸಸ್ಯಜನ್ಯ ಕೊಬ್ಬಿನ ವಿಪ್ಪಿಂಗ್ ಕ್ರೀಮು. ಫ್ರೀಜರಿನಲ್ಲಿಟ್ಟು ಮಾರುತ್ತಾರೆ. ಅದನ್ನು ಹಿಂದಿನ ದಿನವೇ ಫ್ರಿಜ್ಜಿನ ಕೆಳಗಿನ ಭಾಗಕ್ಕೆ ಇಳಿಸಿ ಕರಗಲು ಬಿಟ್ಟು, ಚೆನ್ನಾಗಿ ತಣ್ಣಗಿರುವಾಗಲೇ ತಣ್ಣನೆಯ ಪಾತ್ರೆಯಲ್ಲಿ ಬೀಟ್ ಮಾಡಬೇಕು. ಗಾಳಿ ತುಂಬಿಕೊಂಡು ಅದು ಮೂರು ಪಟ್ಟಿನಷ್ಟು ಉಬ್ಬುತ್ತದೆ. ಆ ಗಾಳಿಗುಳ್ಳೆಗಳನ್ನು ಹಿಡಿದು ನಿಲ್ಲಿಸುವುದು ತಣ್ಣಗೆ ಗಟ್ಟಿಯಾದ ಕೊಬ್ಬು. ಕೊಬ್ಬು ಬೆಚ್ಚಗಾದಂತೆ ಹಿಡಿತ ಸಡಿಲವಾಗುತ್ತದೆ. ಪೈಪಿಂಗ್ ಬ್ಯಾಗನ್ನು ಹಿಡಿದ ಅಂಗೈ ಬೆಚ್ಚಗಿರುತ್ತದೆ, ಚೀಲ ಅಂಗೈಯಲ್ಲಿ ಎಷ್ಟು ಹೊತ್ತು ಇರುತ್ತದೋ ಅಷ್ಟೂ ಹೊತ್ತು ಒಳಗಿನ ಕ್ರೀಮು ಮೆತ್ತಗಾಗುತ್ತಲೇ ಇರುತ್ತದೆ. ತುಮಕೂರಿನ ಏಪ್ರಿಲ್ ಮಧ್ಯಾಹ್ನದಲ್ಲಂತೂ ಕೇಳುವುದೇ ಬೇಡ. ಅವಳ ಕೈ ಮೊದಲ ರೋಸೆಟ್‌ಗೂ ಕೊನೆಯ ರೋಸೆಟ್‌ಗೂ ಒಂದೇ ರೀತಿ ತಿರುಗಿದೆ, ಸುರುಳಿಯ ಅಗಲ, ಬಾಲ ಮುಗಿಯುವ ದಿಕ್ಕು ಎಲ್ಲದರಲ್ಲೂ ಒಂದೇ. ಬದಲಾದದ್ದು ಕ್ರೀಮು ಮಾತ್ರ. ಚೀಲವನ್ನು ಮೂರನೇ ಒಂದು ಪಾಲಷ್ಟೇ ತುಂಬಿ, ಇನ್ನೊಂದು ಚೀಲವನ್ನು ಫ್ರಿಜ್ಜಿನಲ್ಲಿ ಕಾಯಿಸಿ, ನಾಲ್ಕು ರೋಸೆಟ್‌ಗೊಮ್ಮೆ ಅದಲುಬದಲು ಮಾಡಿದ್ದರೆ ಆರರ ಜಾಗವೂ ಏಳರ ಹಾಗೇ ಇರುತ್ತಿತ್ತು.

ಬುಡದ ಬಿಳಿ ಶೆಲ್ ಅಂಚು ಇದಕ್ಕೆ ಇನ್ನೊಂದು ಪುರಾವೆ. ಶೆಲ್ ಹಿಂಡುವುದು ರೋಸೆಟ್‌ಗಿಂತ ಕಷ್ಟ. ಚೀಲವನ್ನು ಓರೆಯಾಗಿ ಹಿಡಿದು, ಒತ್ತಿ, ಉಬ್ಬಿಸಿ, ಒತ್ತಡ ಬಿಡುತ್ತಾ ಎಳೆದು, ಮುಂದಿನದನ್ನು ಹಿಂದಿನದರ ಬಾಲದ ಮೇಲೆ ಕೂರಿಸಬೇಕು. ಒತ್ತಡ ಬಿಡುವ ಮೊದಲೇ ಎಳೆದರೆ ಬಾಲ ಉದ್ದವಾಗುತ್ತದೆ, ಎಳೆಯದೆ ಬಿಟ್ಟರೆ ಬರೀ ಗುಂಡು ಉಳಿಯುತ್ತದೆ. ಅವಳ ಶೆಲ್‌ಗಳು ಸುತ್ತಲೂ ಒಂದೇ ಅಳತೆ. ಅದನ್ನು ಮೊದಲು, ಕ್ರೀಮು ಇನ್ನೂ ತಣ್ಣಗಿದ್ದಾಗ ಹಿಂಡಿದ್ದಳಂತೆ. ಇಂಥ ಕೈ ಇರುವವಳಿಗೆ ‘ಅಭ್ಯಾಸ ಸಾಲದು’ ಎಂದು ಹೇಳಿ ಕಳಿಸುವುದು ಅನ್ಯಾಯ.

ಇನ್ನೂ ಒಂದು ಸಣ್ಣ ಸಂಗತಿ. ಫೋಟೊವನ್ನು ದೊಡ್ಡದು ಮಾಡಿ ನೋಡಿದಾಗ ಪ್ರತಿ ರೋಸೆಟ್ಟಿನಲ್ಲೂ ಒಂದು ಏಣು ಹರಿದಂತೆ ಕಂಡಿತು. ಏಣು ಹರಿದಿದ್ದರೆ ಸಾಮಾನ್ಯವಾಗಿ ಕ್ರೀಮನ್ನು ಹೆಚ್ಚು ಬೀಟ್ ಮಾಡಲಾಗಿದೆ ಎಂದು ಅರ್ಥ. ಆಗ ಕ್ರೀಮಿನ ನಯ ಹೋಗಿ ರವೆಯ ಹಾಗೆ ತರಿತರಿಯಾಗಿರುತ್ತದೆ. ಅದಕ್ಕೆ ಬೀಟ್ ಮಾಡದ ತಣ್ಣನೆಯ ಕ್ರೀಮನ್ನು ಒಂದೆರಡು ಚಮಚ ಸೇರಿಸಿ, ಬೀಟರ್ ಮುಟ್ಟದೆ ಸ್ಪಾಚುಲಾದಲ್ಲಿ ಮೆಲ್ಲಗೆ ಮಗುಚಿದರೆ ಬಹಳಷ್ಟು ಸರಿಹೋಗುತ್ತದೆ. ಆದರೆ ಹೆಚ್ಚು ಬೀಟಾದ ಕ್ರೀಮು ಎಲ್ಲಿ ಬೇಕಾದಲ್ಲಿ ಹರಿಯುತ್ತದೆ, ಒಂದು ಲೆಕ್ಕ ಇರುವುದಿಲ್ಲ. ಇಲ್ಲಿ ಎಲ್ಲದರಲ್ಲೂ ಒಂದೇ ಏಣು ಹರಿದಿದೆ, ಉಳಿದವು ನಯವಾಗಿವೆ. ಹಾಗಾದರೆ ನಾಝಲ್ ನೋಡಬೇಕು. ನೋಡಿದಳು. ಒಂದು ಹಲ್ಲು ಒಳಕ್ಕೆ ಬಾಗಿತ್ತು. ಸಿಂಕಿನಲ್ಲಿ ಪಾತ್ರೆಗಳ ಜೊತೆ ಬಿದ್ದು ಹಾಗಾಗಿರಬೇಕು. ಪೆನ್ಸಿಲ್ಲಿನ ತುದಿಯನ್ನು ಒಳಗಿಂದ ತೂರಿಸಿ ಮೆಲ್ಲಗೆ ಹೊರಕ್ಕೆ ಒತ್ತಿದರೆ ಆ ಹಲ್ಲು ನೆಟ್ಟಗಾಗುತ್ತದೆ.

ಬರಹದ ವಿಷಯಕ್ಕೆ ಬಂದರೆ, ಕೇಕಿನ ಮೇಲೆ ಕನ್ನಡ ಬರೆಯುವವರಿಗೆ ಇಂಗ್ಲಿಷ್‌ನಲ್ಲಿ ಬರೆಯುವವರಿಗಿಲ್ಲದ ಒಂದು ಪೇಚಿದೆ: ಒತ್ತಕ್ಷರ. ‘ಹುಟ್ಟುಹಬ್ಬದ’ ಎಂದು ಬರೆದರೆ ಟಕಾರದ ಒತ್ತು, ಬಕಾರದ ಒತ್ತು ಎರಡೂ ಸಾಲಿನಿಂದ ಕೆಳಗಿಳಿಯುತ್ತವೆ. ಕೆಳಗಿನ ಸಾಲನ್ನು ಹತ್ತಿರ ತಂದರೆ ಆ ಒತ್ತುಗಳು ‘ಶುಭಾಶಯಗಳು’ ಮೇಲೆ ಹೋಗಿ ಕೂರುತ್ತವೆ. ನಾದಿನಿಯ ಕೇಕಿನಲ್ಲಿ ಆಗಿದ್ದು ಅದೇ: ಬಕಾರದ ಒತ್ತು ಕೆಳಗಿನ ಯಕಾರದ ನೆತ್ತಿಗೆ ಅಂಟಿ ಯಾವುದು ಯಾವುದರದ್ದು ಎಂದು ತಿಳಿಯದಂತಾಗಿತ್ತು. ಮೇಲಾಗಿ ಎಡದಿಂದ ಶುರು ಮಾಡಿ ಬಲಕ್ಕೆ ಬರುವಷ್ಟರಲ್ಲಿ ಜಾಗ ಸಾಲದೆ ‘ಗಳು’ ಕುಗ್ಗಿ ಹೋಗಿತ್ತು.

ರೋಸೆಟ್‌ಗಳ ಸುತ್ತು ಹೋದ ಮೇಲೆ ಬರೆಯಲು ಉಳಿಯುವುದು ಸುಮಾರು 12 ಸೆಂಟಿಮೀಟರ್ ಅಡ್ಡಳತೆಯ ವೃತ್ತ. ಮೊದಲು ಕಾಗದದ ಮೇಲೆ ಅಷ್ಟೇ ವೃತ್ತ ಎಳೆದು ಪೆನ್ನಿನಲ್ಲಿ ಬರೆದು ನೋಡಬೇಕು. ‘ಹುಟ್ಟುಹಬ್ಬದ’ ಐದಕ್ಷರ, ಅದರ ನಡುವಿನದು ಹಕಾರ. ಕೇಕಿನ ನಡುಗೆರೆಯ ಮೇಲೆ ಹಕಾರ ಬರೆದು ಅದರ ಎಡಬಲಕ್ಕೆ ಎರಡೆರಡು ಅಕ್ಷರ ಬರೆಯಬೇಕು. ‘ಶುಭಾಶಯಗಳು’ ಆರಕ್ಷರ, ನಡುಗೆರೆ ಶ ಮತ್ತು ಯ ನಡುವೆ ಹಾಯುತ್ತದೆ. ಎರಡು ಸಾಲುಗಳ ನಡುವೆ ಒಂದು ಒತ್ತಕ್ಷರ ಹಿಡಿಸುವಷ್ಟು ಖಾಲಿ ಬಿಡಬೇಕು. ಅಷ್ಟು ಜಾಗವಿಲ್ಲದಿದ್ದರೆ ಶುಭಾಶಯವನ್ನು ಬೋರ್ಡಿನ ಮೇಲೆ ಬರೆದು ಕೇಕಿನ ಮೇಲೆ ಹೆಸರಷ್ಟೇ ಬರೆಯುವುದು ವಾಸಿ. ನನ್ನನ್ನು ಕೇಳಿದರೆ ಹಾಗೇ ಮಾಡು ಎನ್ನುತ್ತೇನೆ. ಮೇಣದಬತ್ತಿ ಹಚ್ಚಿ, ಬಲೂನು ಕಟ್ಟಿ, ಎಲ್ಲರೂ ಹಾಡುತ್ತಾ ನಿಂತ ಮೇಲೆ ಇದು ಹುಟ್ಟುಹಬ್ಬವೆಂದು ಕೇಕು ಬೇರೆ ಹೇಳಬೇಕೇ? ಇನ್ನೊಂದು ಮಾತು, ಬರಹ ಮೊದಲು, ರೋಸೆಟ್ ಆಮೇಲೆ. ಬರೆದದ್ದು ಕೆಟ್ಟರೆ ಫ್ರಿಜ್ಜಿನಲ್ಲಿ ತಣ್ಣಗೆ ಮಾಡಿ ನೈಫಿನ ತುದಿಯಿಂದ ಎತ್ತಿ ಮತ್ತೆ ಬರೆಯಬಹುದು. ಸುತ್ತ ರೋಸೆಟ್ ಇದ್ದರೆ ಕೈ ಆಡಿಸಲು ಜಾಗವೇ ಇರುವುದಿಲ್ಲ.

ಬಣ್ಣದ ಬಗ್ಗೆ ಮಾತಾಡುವ ಮೊದಲು ಫೋಟೊದಲ್ಲಿ ಬಿಳಿ ಯಾವುದು ಎಂದು ಹುಡುಕಬೇಕು. ಹಳದಿ ಬಲ್ಬಿನ ಕೆಳಗೆ ತೆಗೆದರೆ ತಿಳಿನೀಲಿ ಹಸಿರುಗಟ್ಟಿ, ಗುಲಾಬಿ ಕಿತ್ತಳೆಯ ಕಡೆಗೆ ವಾಲಿ ಕಾಣುತ್ತದೆ. ಬಿಳಿ ಶೆಲ್ ಅಂಚು ಬಿಳಿಯಾಗಿಯೇ ಕಂಡರೆ ಉಳಿದ ಬಣ್ಣಗಳನ್ನೂ ನಂಬಬಹುದು. ಕಿಟಕಿಯ ಪಕ್ಕದ ಫೋಟೊದಲ್ಲಿ ಅದು ಬಿಳಿಯಾಗಿಯೇ ಇತ್ತು.

ನೋಡಿದ ತಕ್ಷಣ ಏನೋ ಸಪ್ಪೆ ಎನಿಸುತ್ತಿತ್ತು. ಇಷ್ಟೊಂದು ಬಣ್ಣವಿದ್ದೂ ಸಪ್ಪೆ ಏಕೆ? ಫೋನಿನ ಗ್ಯಾಲರಿಯಲ್ಲೇ ಫೋಟೊವನ್ನು ಕಪ್ಪುಬಿಳುಪು ಮಾಡಿ ನೋಡಿದರೆ ಉತ್ತರ ಸಿಗುತ್ತದೆ. ನೀಲಿ ಮೈ, ಗುಲಾಬಿ ರೋಸೆಟ್ ಎರಡೂ ಒಂದೇ ಬೂದು ಬಣ್ಣಕ್ಕೆ ತಿರುಗಿದವು. ರೋಸೆಟ್ ಎಲ್ಲಿ ಮುಗಿದು ಕೇಕ್ ಎಲ್ಲಿ ಶುರುವಾಗುತ್ತದೆ ಎಂದು ಹೇಳುವುದೇ ಕಷ್ಟ. ಎರಡು ಬಣ್ಣಗಳ ಹೆಸರು ಬೇರೆಯಾದರೆ ಸಾಲದು, ಒಂದು ತಿಳಿ ಇನ್ನೊಂದು ಗಾಢ ಇರಬೇಕು. ಇಲ್ಲದಿದ್ದರೆ ಕಣ್ಣು ಅವನ್ನು ಬಿಡಿಸಿಕೊಳ್ಳುವುದಿಲ್ಲ, ಪೈಪಿಂಗ್ ಎಷ್ಟು ಅಚ್ಚುಕಟ್ಟಾಗಿದ್ದರೂ ಮೈಯಲ್ಲಿ ಮುಳುಗಿಹೋಗುತ್ತದೆ. ನೀಲಿಯನ್ನು ಇನ್ನೂ ತೆಳು ಮಾಡಿ ಬಿಳಿಗೆ ಹತ್ತಿರ ತಂದಿದ್ದರೆ, ಅಥವಾ ಗುಲಾಬಿಯನ್ನು ಒಂದು ಮೆಟ್ಟಿಲು ಗಾಢ ಮಾಡಿದ್ದರೆ ಅದೇ ರೋಸೆಟ್‌ಗಳು ಎದ್ದು ನಿಲ್ಲುತ್ತಿದ್ದವು. ನಾನಾಗಿದ್ದರೆ ನೀಲಿಯನ್ನು ತೆಳು ಮಾಡುತ್ತಿದ್ದೆ. ಬಣ್ಣ ಕಡಿಮೆ ಸಾಕು, ಕ್ರೀಮೂ ಸಡಿಲವಾಗದು.

ಕೆಂಪಕ್ಷರದ ಕಥೆ ಬೇರೆ. ಉಳಿದದ್ದೆಲ್ಲ ಮೆತ್ತನೆಯ ಬಣ್ಣವಿರುವಲ್ಲಿ ಅದೊಂದೇ ಅಚ್ಚ ಕೆಂಪು. ಕಣ್ಣು ನೇರ ಅಲ್ಲಿಗೇ ಹೋಗುತ್ತದೆ, ಮತ್ತು ಕೇಕಿನಲ್ಲಿ ಅತ್ಯಂತ ಕೆಟ್ಟಿರುವುದು ಆ ಬರಹವೇ! ಒಂದು ಗಾಢ ಬಣ್ಣ ತಂದರೆ ಅದು ಇನ್ನೊಂದೆರಡು ಕಡೆಯಾದರೂ ಕಾಣಿಸಿಕೊಳ್ಳಬೇಕು, ಇಲ್ಲವೇ ಬೇಡ. ಅಕ್ಷರಗಳ ಅಂಚಿನಲ್ಲಿ ನೇರಳೆ ಛಾಯೆಯೂ ಹಬ್ಬಿತ್ತು. ಅವಳು ಬಳಸಿದ್ದು ಬಾಟಲಿಯ ನೀರು ಬಣ್ಣ. ಅಚ್ಚ ಕೆಂಪು ಬರಲು ಅದನ್ನು ಬಹಳ ಸುರಿಯಬೇಕು, ಸುರಿದಷ್ಟೂ ಕ್ರೀಮು ನೀರಾಗುತ್ತದೆ. ಫ್ರಿಜ್ಜಿನಿಂದ ಹೊರತೆಗೆದ ಕೇಕಿನ ಮೇಲೆ ಹನಿಯುವ ತೇವ ಸೇರಿಕೊಂಡು ಕೆಂಪು ನೀಲಿಯೊಳಕ್ಕೆ ಇಳಿದು ನೇರಳೆಯಾಗುತ್ತದೆ. ಜೆಲ್ ಬಣ್ಣವಾದರೆ ಟೂತ್‌ಪಿಕ್ ತುದಿಯಷ್ಟು ಸಾಕು, ಆದರೂ ಅಚ್ಚ ಕೆಂಪಿಗೆ ಅದೂ ಹೆಚ್ಚೇ ಬೇಕಾಗುತ್ತದೆ. ನಮ್ಮಲ್ಲಿ ಆಹಾರಕ್ಕೆ ಅನುಮತಿ ಇರುವ ಕೃತಕ ಬಣ್ಣಗಳು ಎಂಟೇ, ಅವಕ್ಕೂ ಪ್ರಮಾಣದ ಮಿತಿ ಇದೆ. 2024ರಲ್ಲಿ ರಾಜ್ಯದ ಆಹಾರ ಸುರಕ್ಷತಾ ಇಲಾಖೆ ಬೆಂಗಳೂರಿನ ಬೇಕರಿಗಳ ಕೇಕುಗಳನ್ನು ಪರೀಕ್ಷಿಸಿ ಬಣ್ಣದ ಬಗ್ಗೆ ಎಚ್ಚರಿಕೆ ಕೊಟ್ಟಿದ್ದು ಅನೇಕರಿಗೆ ನೆನಪಿರಬಹುದು. ಆರು ವರ್ಷದ ಮಕ್ಕಳು ತಿನ್ನುವ ಕೇಕಿಗೆ ಅಕ್ಷರವನ್ನು ಕರಗಿಸಿದ ಚಾಕೊಲೇಟಿನಲ್ಲಿ ಬರೆಯುವುದೇ ಒಳ್ಳೆಯದು. ತಿಳಿ ಬಣ್ಣದ ಮೇಲೆ ಅದರ ಕಂದು ಚೆನ್ನಾಗಿ ಕಾಣುತ್ತದೆ, ಹಬ್ಬುವುದಿಲ್ಲ, ನಾಲಿಗೆ ಕೆಂಪಾಗುವುದಿಲ್ಲ.

ಹಳದಿ ಮುತ್ತು, ಹಸಿರು ಎಲೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಲೆ ಇರಲಿ. ಮುತ್ತನ್ನು ಮೈಮೇಲೆಲ್ಲ ಉದುರಿಸುವ ಬದಲು ರೋಸೆಟ್ಟಿನ ನಡುವೆ ಒಂದೊಂದು ಇಟ್ಟಿದ್ದರೆ ಹೂವಿನ ಕೇಸರದ ಹಾಗೆ ಕಾಣುತ್ತಿತ್ತು.

ಇಷ್ಟೆಲ್ಲ ನೋಡಿದ ಮೇಲೆ ಆ ಸಂಜೆ ನಾನು ಅವಳಿಗೆ ಹೇಳಿದ್ದು ಮೂರೇ ಕೆಲಸ. ಬೋರ್ಡಿನ ಮೇಲೆ ಕ್ರೀಮಿನ ಬೆರಳಚ್ಚುಗಳಿದ್ದವು. ಟಿಶ್ಯೂ ಕಾಗದವನ್ನು ಒದ್ದೆ ಮಾಡಿ ಹಿಂಡಿ ಒರೆಸು, ಶೆಲ್‌ಗಳ ಸಂದಿಗೆ ಇಯರ್ ಬಡ್ ಬಳಸು ಎಂದೆ. ಕೇಕು ಎಷ್ಟೇ ಚೆಂದವಿದ್ದರೂ ಬೋರ್ಡ್ ಕೊಳೆಯಾಗಿದ್ದರೆ ಫೋಟೊದಲ್ಲಿ ಅದೇ ಎದ್ದು ಕಾಣುತ್ತದೆ. ಎರಡನೆಯದು ಆ ಅರ್ಧ ಗುಲಾಬಿ. ಅದು ಹಿಂದೆ ಇದ್ದಿದ್ದರೆ ಬಿಟ್ಟುಬಿಡಬಹುದಿತ್ತು. ಮುಂದೆಯೇ ಇದೆ, ಬರಹ ತಲೆಕೆಳಗಾಗುವುದರಿಂದ ಕೇಕನ್ನು ತಿರುಗಿಸುವಂತೆಯೂ ಇಲ್ಲ. ಹಾಗಾಗಿ ಇಪ್ಪತ್ತು ನಿಮಿಷ ಫ್ರಿಜ್ಜಿನಲ್ಲಿಟ್ಟು, ಕ್ರೀಮು ಗಟ್ಟಿಯಾದ ಮೇಲೆ ಆ ರೋಸೆಟ್ಟನ್ನು ನೈಫಿನಿಂದ ಪೂರಾ ಎತ್ತಿ ತೆಗೆದು, ಆ ಖಾಲಿ ಜಾಗದಲ್ಲಿ ‘6’ ಅಂಕಿಯ ಮೇಣದಬತ್ತಿ ಚುಚ್ಚು ಎಂದೆ. ಅಂಗಡಿಯಲ್ಲಿ ಕೆಂಪು ಬಣ್ಣದ್ದು ಸಿಕ್ಕರೆ ಅದನ್ನೇ ತಾ ಎಂದೂ ಹೇಳಿದೆ. ಅಕ್ಷರದ ಕೆಂಪು ಒಂಟಿಯಾಗಿತ್ತಲ್ಲ, ಅದಕ್ಕೊಂದು ಜೊತೆಯಾಗುತ್ತದೆ. ಮೂರನೆಯದು, ಬರಹವನ್ನು ಮುಟ್ಟಲೇಬೇಡ. ಆ ಕೆಂಪು ಆಗಲೇ ನೀಲಿಯೊಳಗೆ ಇಳಿದಿದೆ, ಎತ್ತಲು ಹೋದರೆ ಕೇಕಿನ ನಡುವೆ ನೇರಳೆ ಮಚ್ಚೆ ಉಳಿಯುತ್ತದೆ.

ಹೊಟ್ಟೆ, ಕಂದು ಚುಕ್ಕೆ, ಬೂದು ಬಣ್ಣದ ವಿಷಯಗಳನ್ನು ಮಾರನೆಯ ದಿನಕ್ಕೆ ಇಟ್ಟುಕೊಂಡೆ. ಆಗಲೂ ಎಲ್ಲವನ್ನೂ ಒಟ್ಟಿಗೆ ಸರಿಮಾಡು ಎನ್ನಲಿಲ್ಲ. ಮುಂದಿನ ಕೇಕಿನಲ್ಲಿ ಎರಡು ಚೀಲ ಬಳಸುವುದನ್ನು ಮಾತ್ರ ಮಾಡಿ ನೋಡು, ಆ ಫೋಟೊ ಕಳಿಸು ಎಂದೆ. ‘ಅದಕ್ಕೆ ಇನ್ನೊಂದು ಹುಟ್ಟುಹಬ್ಬ ಬರೋವರೆಗೆ ಕಾಯ್ಬೇಕಾ ಅತ್ತಿಗೆ?’ ಎಂದು ನಕ್ಕಳು. ಕಾಯಬೇಕಾಗಿಲ್ಲ. ಕೇಕ್ ಟಿನ್ನನ್ನೋ ಸ್ಟೀಲ್ ತಟ್ಟೆಯನ್ನೋ ಬೋರಲು ಹಾಕಿ, ಅದರ ಬೆನ್ನ ಮೇಲೆ ಎಂಟಿಂಚಿನ ವೃತ್ತಕ್ಕೆ ಹನ್ನೆರಡು ಚುಕ್ಕೆ ಇಟ್ಟು, ಉಳಿದ ಕ್ರೀಮಿನಲ್ಲಿ ರೋಸೆಟ್ ಹಿಂಡಿದರೆ ಸಾಕು. ಹಿಂಡಿದ್ದನ್ನು ಸ್ಕ್ರೇಪರಿನಿಂದ ಕೆರೆದು ಚೀಲಕ್ಕೆ ತುಂಬಿ, ಫ್ರಿಜ್ಜಿನಲ್ಲಿ ತಣ್ಣಗೆ ಮಾಡಿಕೊಂಡು ಮತ್ತೆ ಹಿಂಡಬಹುದು. ಹೀಗೆ ಕೆಲವು ಸಲ ಮಾಡಿದ ಮೇಲೆ ಕ್ರೀಮಿನೊಳಗಿನ ಗಾಳಿ ಹೋಗಿ, ಮೊದಲನೆಯ ರೋಸೆಟ್ಟೇ ಚಪ್ಪಟೆಯಾಗಿ ಕೂರತೊಡಗುತ್ತದೆ. ಅಲ್ಲಿಗೆ ಆ ಕ್ರೀಮಿನ ಕೆಲಸ ಮುಗಿಯಿತು, ಇನ್ನು ಹಿಂಡಿ ಉಪಯೋಗವಿಲ್ಲ.